ಕುರ್ಚಿ ಬರುವುದು ಆರನೇ ವಾರ

ಹಠ ಮಾಡುವ ಮಕ್ಕಳ ಮನೆಯವರಿಗಾಗಿ ನಾವು ನಡೆಸುವ ಗುಂಪು ತರಬೇತಿಗೆ ಮೊದಲ ದಿನ ಬರುವ ಅಪ್ಪ ಅಮ್ಮಂದಿರು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ಮೇಡಂ, ಮಾತು ಕೇಳದೇ ಇದ್ದಾಗ ಏನು ಶಿಕ್ಷೆ ಕೊಡಬೇಕು, ಅದೊಂದು ಹೇಳಿಬಿಡಿ ಸಾಕು." ಖಂಡಿತ ಹೇಳ್ತೀನಿ, ಆದರೆ ಆರನೇ ವಾರ ಹೇಳ್ತೀನಿ ಅನ್ನುತ್ತೇನೆ. ಅಲ್ಲೇ ಕೆಲವರ ಮುಖ ಸಣ್ಣಗಾಗುತ್ತದೆ. ಒಬ್ಬ ತಂದೆ "ಹಾಗಾದ್ರೆ ಆರನೇ ವಾರವೇ ಬರ್ತೀನಿ ಬಿಡಿ" ಎಂದು ಎದ್ದೂ ಹೋಗಿದ್ದರು. ಅವರ ಮೇಲೆ ನನಗೆ ಕೋಪವಿಲ್ಲ. ಇಡೀ ದಿನ ಮಗುವಿನ ಜೊತೆ ಗುದ್ದಾಡಿ ಸಾಕಾದವರಿಗೆ ಆರು ವಾರ ಅಂದರೆ ಆರು ವರ್ಷ ಇದ್ದ ಹಾಗೆ. ಆದರೆ ಆ ಐದು ವಾರ ಬಿಟ್ಟು ನೇರ ಆರನೆಯದಕ್ಕೆ ಹಾರಿದರೆ ಆರನೆಯದು ಕೆಲಸ ಮಾಡುವುದಿಲ್ಲ. ಇವತ್ತು ಅದು ಯಾಕೆ ಅನ್ನುವುದನ್ನೇ ಹೇಳುತ್ತೇನೆ.

ಮೊದಲು ಯಾವ ಮಕ್ಕಳ ಬಗ್ಗೆ ಮಾತಾಡುತ್ತಿದ್ದೇವೆ ಅಂತ ಸ್ಪಷ್ಟ ಮಾಡಿಕೊಳ್ಳೋಣ. ಎರಡು ಮೂರು ವರ್ಷದ ಮಗು ಹಠ ಮಾಡುವುದು ಕಾಯಿಲೆ ಅಲ್ಲ. ಅದು ಆ ವಯಸ್ಸಿನ ಕೆಲಸ. ನಮ್ಮ ಗುಂಪಿಗೆ ಬರುವುದು ಮೂರರಿಂದ ಏಳು ವರ್ಷದೊಳಗಿನ ಮಕ್ಕಳ ಮನೆಯವರು. ಆ ಮಕ್ಕಳು ಬೇಗ ಸಿಟ್ಟಾಗುತ್ತಾರೆ, ದೊಡ್ಡವರ ಜೊತೆ ವಾದಕ್ಕೆ ನಿಲ್ಲುತ್ತಾರೆ, ಹೇಳಿದ್ದಕ್ಕೆ ಬೇಕಂತಲೇ ಆಗಲ್ಲ ಅನ್ನುತ್ತಾರೆ, ಬೇರೆಯವರನ್ನು ಕೆಣಕುತ್ತಾರೆ. ಇದು ಆರು ತಿಂಗಳಿಂದ ನಡೆಯುತ್ತಿರಬೇಕು. ಐದು ವರ್ಷದೊಳಗಿನ ಮಗುವಾದರೆ ವಾರದ ಹೆಚ್ಚಿನ ದಿನಗಳಲ್ಲಿ ಇರಬೇಕು. ಒಂದು ಮಾತು ಸೇರಿಸುತ್ತೇನೆ, ಗುಂಪಿಗೆ ಸೇರಿಸುವ ಮೊದಲು ಮಗುವಿನ ಕಿವಿ, ಮಾತು, ನಿದ್ದೆ ಮೂರನ್ನೂ ವಿಚಾರಿಸುತ್ತೇವೆ. ಸರಿಯಾಗಿ ಕೇಳಿಸದ ಮಗು "ಮಾತು ಕೇಳದ ಮಗು" ಅಂತಲೇ ಮನೆಯಲ್ಲಿ ಹೆಸರು ಮಾಡಿರುತ್ತದೆ. ಕೇಳಿಸದಿದ್ದಕ್ಕೆ ಶಿಕ್ಷೆ ಅಂತ ಮೂಲೆಯ ಕುರ್ಚಿ ಮೇಲೆ ಕೂರಿಸಿದರೆ ಅದಕ್ಕಿಂತ ಅನ್ಯಾಯ ಬೇರೆ ಇಲ್ಲ.

ಈ ಕಾರ್ಯಕ್ರಮ ನಮ್ಮ ತಲೆಯಿಂದ ಬಂದದ್ದಲ್ಲ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಓರೆಗಾನ್‌ನಲ್ಲಿ ಕಾನ್ಸ್ಟನ್ಸ್ ಹಾನ್ಫ್ ಎಂಬ ಮನಶ್ಶಾಸ್ತ್ರಜ್ಞೆ ಒಂದು ಕ್ರಮ ಹಾಕಿಕೊಟ್ಟರು. ತಾಯಿ ಮೊದಲು ಮಗುವಿನ ಆಟದ ಹಿಂದೆ ಹೋಗುವುದನ್ನು ಕಲಿಯಬೇಕು, ಆಮೇಲೆ ಮಗುವಿಗೆ ಹೇಳಿ ಮಾಡಿಸುವುದನ್ನು ಕಲಿಯಬೇಕು. ಇಷ್ಟೇ, ಎರಡು ಘಟ್ಟ. ಇವತ್ತು ಜಗತ್ತಿನಲ್ಲಿ ಹೆಸರು ಮಾಡಿರುವ ಇಂಥ ಕಾರ್ಯಕ್ರಮಗಳಲ್ಲಿ ಬಹಳಷ್ಟು ಇದೇ ಬೇರಿನಿಂದ ಒಡೆದ ಕೊಂಬೆಗಳು. ನಮ್ಮದು ಹೆಚ್ಚಾಗಿ ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಅವರ ಹತ್ತು ಹಂತಗಳನ್ನು ಅನುಸರಿಸುತ್ತದೆ. ಅವರಲ್ಲಿ ಕುರ್ಚಿ, ಅಂದರೆ ಟೈಮ್ ಔಟ್, ಐದನೇ ಹಂತ. ನಾವು ಅವರ ಮೂರನೇ ಹಂತವನ್ನು ಎರಡು ವಾರಕ್ಕೆ ಎಳೆದಿದ್ದೇವೆ, ಹಾಗಾಗಿ ನಮ್ಮಲ್ಲಿ ಆರನೇ ವಾರ. ವಾರಕ್ಕೊಂದು ಸಲ, ಎರಡು ಗಂಟೆ, ಎಂಟು ವಾರ. ಒಂದು ತಿಂಗಳು ಬಿಟ್ಟು ಮತ್ತೊಂದು ಸಲ. ಮಕ್ಕಳನ್ನು ಕರೆತರುವ ಹಾಗಿಲ್ಲ. ಕಲಿಯುವವರು ದೊಡ್ಡವರು.

ಒಂದು ಮನೆಯ ಕಥೆ ಹಿಡಿದುಕೊಂಡು ಹೋಗೋಣ. ಗುರುತು ಸಿಗದಿರಲಿ ಅಂತ ಎರಡು ಮೂರು ಮನೆಗಳನ್ನು ಸೇರಿಸಿ ಹೇಳುತ್ತಿದ್ದೇನೆ. ಹುಡುಗನನ್ನು ಪುಟ್ಟ ಅನ್ನೋಣ. ನಾಲ್ಕೂವರೆ ವರ್ಷ, ಎಲ್‌ಕೆಜಿ. ಅಪ್ಪನಿಗೆ ಬೈಕ್ ಗ್ಯಾರೇಜ್, ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಜೊತೆಗೆ ಅಪ್ಪನ ತಾಯಿ, ಅಜ್ಜಿ. ಬೆಳಿಗ್ಗೆ ಸ್ನಾನಕ್ಕೆ ಬರುವುದಿಲ್ಲ. ತಟ್ಟೆ ಎಸೆಯುತ್ತಾನೆ. ಮೊಬೈಲ್ ಕಿತ್ತುಕೊಂಡರೆ ಅಮ್ಮನಿಗೆ ಹೊಡೆಯುತ್ತಾನೆ. ಸ್ಕೂಲ್ ವ್ಯಾನ್ ಬರುವುದು 8:10ಕ್ಕೆ, ಮನೆಯಲ್ಲಿ ಯುದ್ಧ ಶುರುವಾಗುವುದು 7:15ಕ್ಕೆ.

ಮೊದಲ ವಾರ ನಾವು ಏನನ್ನೂ ಬದಲಾಯಿಸಲು ಹೇಳುವುದಿಲ್ಲ. ಒಂದು ನೋಟ್‌ಬುಕ್ ಕೊಡುತ್ತೇವೆ. ಪುಟಕ್ಕೆ ಮೂರು ಕಾಲಂ. ಗಲಾಟೆಗೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಮೂರನೇ ಕಾಲಂ ಬರೆಯಲು ಎಲ್ಲರೂ ಮರೆಯುತ್ತಾರೆ, ಇಲ್ಲವೇ ಬರೆಯಲು ನಾಚಿಕೊಳ್ಳುತ್ತಾರೆ. ನಮಗೆ ಬೇಕಾಗಿರುವುದೇ ಅದು.

ಪುಟ್ಟನ ಅಮ್ಮ ಬರೆದ ಒಂದು ಬೆಳಗು ಹೀಗಿತ್ತು. "ಸ್ನಾನಕ್ಕೆ ಬಾ ಅಂದೆ. ಬರಲಿಲ್ಲ. ಐದಾರು ಸಲ ಕರೆದೆ. ಕೈ ಹಿಡಿದೆ, ನೆಲಕ್ಕೆ ಬಿದ್ದು ಕಿರುಚಿದ. ಅಷ್ಟರಲ್ಲಿ ಕುಕ್ಕರ್ ಕೂಗಿತು, ಬಿಟ್ಟು ಹೋದೆ. ಆಮೇಲೆ ಅವರು ಬಂದು ಗದರಿಸಿದ್ರು, ಎದ್ದು ಬಂದ."

ಇದನ್ನು ನಿಧಾನವಾಗಿ ಓದಿ. ಪುಟ್ಟ ಕಿರುಚಿದ, ಅಮ್ಮ ಬಿಟ್ಟು ಹೋದರು. ಅವರು ಹೋದದ್ದು ಕುಕ್ಕರಿಗೆ, ಆದರೆ ಪುಟ್ಟನ ಲೆಕ್ಕದಲ್ಲಿ ಕಿರುಚಿದ್ದಕ್ಕೆ ಸ್ನಾನ ಮುಂದಕ್ಕೆ ಹೋಯಿತು. ಕಿರುಚುವುದು ಕೆಲಸಕ್ಕೆ ಬಂತು. ಈಗ ಅಪ್ಪನ ಕಡೆ ನೋಡಿ. ಅವರು ಗದರಿಸಿದರು, ಪುಟ್ಟ ಎದ್ದ. ಅವರ ಲೆಕ್ಕದಲ್ಲಿ ಗದರಿಸುವುದು ಕೆಲಸಕ್ಕೆ ಬಂತು. ನಾಳೆ ಪುಟ್ಟ ಇನ್ನೂ ಬೇಗ ಕಿರುಚುತ್ತಾನೆ, ಅಪ್ಪ ಇನ್ನೂ ಜೋರಾಗಿ ಗದರಿಸುತ್ತಾರೆ, ಒಬ್ಬರನ್ನೊಬ್ಬರು ದಿನಾ ಬೆಳಿಗ್ಗೆ ತರಬೇತಿ ಮಾಡುತ್ತಿದ್ದಾರೆ ಅನ್ನುವುದು ಇಬ್ಬರಿಗೂ ಗೊತ್ತಿಲ್ಲ. ಇದನ್ನು ಗುರುತಿಸಿ ಬಿಡಿಸಿ ಹೇಳಿದವರು ಓರೆಗಾನ್‌ನಲ್ಲೇ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್. ಅವರ ತಂಡ ಮನೆಗಳಿಗೇ ಹೋಗಿ ಕೂತು, ಯಾರು ಏನಂದರು, ಅದಕ್ಕೆ ಇನ್ನೊಬ್ಬರು ಏನು ಮಾಡಿದರು ಅಂತ ಬರೆದುಕೊಳ್ಳುತ್ತಿತ್ತು. ನಮ್ಮ ಮೂರು ಕಾಲಂ ನೋಟ್‌ಬುಕ್ ಅದರ ಬಡ ನೆಂಟ.

ಹಾಗಂತ ತಪ್ಪೆಲ್ಲ ಅಪ್ಪ ಅಮ್ಮಂದಿರದು ಅಂತ ಅಲ್ಲ. ಕೆಲವು ಮಕ್ಕಳು ಹುಟ್ಟಿನಿಂದಲೇ ಖಾರ. ಅದೇ ಅಮ್ಮನ ದೊಡ್ಡ ಮಗಳು "ಬಾ" ಅಂದರೆ ಬಂದಿರುತ್ತಾಳೆ. ಅದೇ ಕೈ, ಅದೇ ಅಡುಗೆ, ಆದರೆ ಈ ಮಗುವಿಗೆ ಬೇರೆ ಹದ ಬೇಕು.

ಎರಡನೇ ವಾರ ಆಟ. ಜಾಸ್ತಿ ಜನ ಬಿಟ್ಟು ಹೋಗುವುದೂ ಈ ವಾರವೇ, ಯಾಕೆಂದರೆ ಕೇಳಲು ಇದು ತಮಾಷೆಯಾಗಿದೆ. ದಿನಾ 15 ನಿಮಿಷ ಮಗುವಿನ ಜೊತೆ ನೆಲದ ಮೇಲೆ ಕೂರಬೇಕು. ಏನು ಆಡಬೇಕು ಅಂತ ಮಗುವೇ ಹೇಳುತ್ತದೆ. ನೀವು ಪ್ರಶ್ನೆ ಕೇಳುವ ಹಾಗಿಲ್ಲ, ಹೇಳಿಕೊಡುವ ಹಾಗಿಲ್ಲ, ಹೀಗೆ ಮಾಡು ಅನ್ನುವ ಹಾಗಿಲ್ಲ, ತಪ್ಪು ತೋರಿಸುವ ಹಾಗಿಲ್ಲ. ಹಾಗಾದರೆ ಏನು ಮಾತಾಡೋದು? ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳಿದ್ದೀರಲ್ಲ, ಅದು. "ಪುಟ್ಟ ಕೆಂಪು ಬ್ಲಾಕ್ ತಗೊಂಡ. ಹಳದಿ ಮೇಲೆ ಇಟ್ಟ. ಓ, ಬಿತ್ತು. ಮತ್ತೆ ಇಡ್ತಾ ಇದಾನೆ."

ಕೇಳಲು ಸುಲಭ. ಈ ಸಭೆಯಲ್ಲೇ ಯಾರಾದರೂ ಮುಂದೆ ಬಂದು ಎರಡು ನಿಮಿಷ ಮಾಡಿ ತೋರಿಸಿ ನೋಡೋಣ. ನಾನು ಪಂದ್ಯ ಕಟ್ಟುತ್ತೇನೆ, ಅರ್ಧ ನಿಮಿಷದೊಳಗೆ "ಇದು ಯಾವ ಕಲರ್ ಪುಟ್ಟಾ?" ಅಂತ ಬಂದೇ ಬರುತ್ತದೆ. ನಾವು ಮಕ್ಕಳ ಜೊತೆ ಆಡುವುದಿಲ್ಲ, ಪರೀಕ್ಷೆ ಮಾಡುತ್ತೇವೆ. ಪುಟ್ಟನ ಅಮ್ಮ ಮೊದಲ ದಿನ ಹೀಗೆ ಅಂದರು: "ಬಾಯಿ ಮುಚ್ಚಿಕೊಂಡಿರೋದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ ಮೇಡಂ." ಶೀಲಾ ಐಬರ್ಗ್ ಎಂಬ ಮನಶ್ಶಾಸ್ತ್ರಜ್ಞೆ ಬೆಳೆಸಿದ ಇನ್ನೊಂದು ಪದ್ಧತಿಯಲ್ಲಿ ಇದಕ್ಕೆ ಅಳತೆಯೇ ಇದೆ. ತಾಯಿಯ ಕಿವಿಯಲ್ಲಿ ಸಣ್ಣ ಯಂತ್ರ, ಒಂದೇ ಕಡೆಯಿಂದ ಕಾಣುವ ಕನ್ನಡಿ ಹಿಂದೆ ಕೂತವರು ಆಟದ ಹೊತ್ತಿನಲ್ಲೇ ಹೇಳಿಕೊಡುತ್ತಾರೆ. ಐದು ನಿಮಿಷದಲ್ಲಿ ಮಗು ಮಾಡುತ್ತಿರುವುದನ್ನು 10 ಸಲ ಬಣ್ಣಿಸಬೇಕು, ಮಗು ಅಂದದ್ದನ್ನು 10 ಸಲ ತಿರುಗಿ ಹೇಳಬೇಕು, 10 ಸಲ ಇಂಥದ್ದಕ್ಕೆ ಅಂತ ಹೆಸರಿಸಿ ಹೊಗಳಬೇಕು. ಪ್ರಶ್ನೆ, ಆಜ್ಞೆ, ಟೀಕೆ ಎಲ್ಲ ಸೇರಿ ಮೂರು ದಾಟಬಾರದು. ಅಷ್ಟು ಮುಟ್ಟಿದ ಮೇಲೆಯೇ ಎರಡನೇ ಘಟ್ಟ. ನಮ್ಮಲ್ಲಿ ಆ ಸೌಕರ್ಯ ಇಲ್ಲ. ಗುಂಪಿನಲ್ಲಿ ಒಬ್ಬರು ಮಗುವಾಗಿ, ಒಬ್ಬರು ಅಮ್ಮನಾಗಿ ಅಭ್ಯಾಸ ಮಾಡುತ್ತೇವೆ. ಮಗುವಿನ ಪಾತ್ರಕ್ಕೆ ಅಪ್ಪಂದಿರ ನಡುವೆ ಬಹಳ ಪೈಪೋಟಿ.

ಆಟದ ಸಾಮಾನು ಯಾವುದು? ಬ್ಲಾಕ್, ಜೇಡಿಮಣ್ಣು, ಕ್ರೇಯಾನ್, ಅಡುಗೆ ಆಟದ ಪಾತ್ರೆ, ಹಳೇ ರಟ್ಟಿನ ಡಬ್ಬ. ಲೂಡೋ, ಕೇರಂ ಬೇಡ. ಸೋಲು ಗೆಲುವು, ನಿಯಮ ಬಂದ ಕೂಡಲೇ ನೀವು ಮತ್ತೆ ಅಂಪೈರ್ ಆಗುತ್ತೀರಿ. ಮೊಬೈಲ್ ಅಂತೂ ಬೇಡವೇ ಬೇಡ. ಆಟದ ಮಧ್ಯೆ ಸಣ್ಣ ತಂಟೆ ಮಾಡಿದರೆ ಮುಖ ಆಚೆ ತಿರುಗಿಸಿ, ನೀವೇ ಒಂದು ಬ್ಲಾಕ್ ತೆಗೆದುಕೊಂಡು ಆಡುತ್ತಿರಿ. ಹೊಡೆದರೆ, ಎಸೆದರೆ "ಆಟ ಇವತ್ತಿಗೆ ಮುಗೀತು, ನಾಳೆ ಆಡೋಣ" ಅಂತ ಎದ್ದುಬಿಡಿ. ಮುಖ್ಯವಾದದ್ದು ಇದು. ಅವತ್ತು ಬೆಳಿಗ್ಗೆ ಎಷ್ಟೇ ರಂಪ ಆಗಿರಲಿ, ಸಂಜೆಯ ಆಟ ತಪ್ಪಿಸಬಾರದು. ಅದು ಬಹುಮಾನ ಅಲ್ಲ, ಊಟದ ಹಾಗೆ.

ಯಾಕೆ ಇದೆಲ್ಲ ಮೊದಲು? ನೋಡಿ, ಟೈಮ್ ಔಟ್ ಅಂದರೆ ಏನು? ಒಳ್ಳೆಯ ಹೊತ್ತಿನಿಂದ ಸ್ವಲ್ಪ ಹೊತ್ತು ಹೊರಗಿಡುವುದು. ಮನೆಯಲ್ಲಿ ಒಳ್ಳೆಯ ಹೊತ್ತೇ ಇಲ್ಲದಿದ್ದರೆ ಹೊರಗಿಡುವುದು ಎಲ್ಲಿಂದ? ದಿನವಿಡೀ ಬೈಗುಳವೇ ಇರುವ ಮನೆಯಲ್ಲಿ ಮೂಲೆಯ ಕುರ್ಚಿ ಮಗುವಿಗೆ ಬಿಡುವು ಸಿಕ್ಕ ಹಾಗೆ. ಐದು ವಾರ ಮುಂದಿಡುವ ಗುಟ್ಟು ಇಷ್ಟೇ.

ಮೂರನೇ ವಾರ ಆಟದ ಕೋಣೆಯಿಂದ ಅಡುಗೆಮನೆಗೆ ಬರುತ್ತೇವೆ. ಆಟದಲ್ಲಿ ಕಲಿತ ಗಮನವನ್ನು ಈಗ ದಿನವಿಡೀ ಹಂಚಬೇಕು. ಸರಿ ಮಾಡಿದ ಕೂಡಲೇ, ಏನು ಮಾಡಿದ ಅಂತ ಹೆಸರು ಹೇಳಿ ಹೊಗಳಬೇಕು. "ಗುಡ್ ಬಾಯ್" ಸಾಲದು. "ಕರೆದ ತಕ್ಷಣ ಬಂದೆ, ನಂಗೆ ಖುಷಿ ಆಯ್ತು" ಅನ್ನಬೇಕು. ನಮ್ಮ ಕಡೆ ಇಲ್ಲಿ ಎರಡು ತೊಡಕು. ಒಂದು, ದೃಷ್ಟಿ. ಎದುರಿಗೇ ಹೊಗಳಿದರೆ ಮಗುವಿಗೆ ದೃಷ್ಟಿ ಆಗುತ್ತದೆ ಅಂತ ಹಿರಿಯರು ತಡೆಯುತ್ತಾರೆ. ನಾನು ವಾದ ಮಾಡಲು ಹೋಗುವುದಿಲ್ಲ. ಮಗು ಚೆಂದ ಇದೆ, ಜಾಣ ಇದೆ ಅನ್ನಬೇಡಿ, ಮಾಡಿದ ಕೆಲಸವನ್ನು ಹೇಳಿ, ಚಪ್ಪಲಿ ಜೋಡಿಸಿಟ್ಟದ್ದಕ್ಕೆ ಯಾವ ದೃಷ್ಟಿಯೂ ತಾಗುವುದಿಲ್ಲ ಅನ್ನುತ್ತೇನೆ. ಅಜ್ಜಿಯರು ಒಪ್ಪುತ್ತಾರೆ. ಎರಡನೆಯದು ಬಾಲ. "ಇವತ್ತು ಚೆನ್ನಾಗಿ ಊಟ ಮಾಡಿದೆ, ದಿನಾ ಹೀಗೆ ಮಾಡೋಕೇನು ನಿಂಗೆ ರೋಗ?" ಹೊಗಳಿಕೆ ಅಲ್ಲಿಗೆ ಸತ್ತುಹೋಯಿತು. ಬಾಲ ಕತ್ತರಿಸಿ.

ಇನ್ನೊಂದು ಅಭ್ಯಾಸ ಇದೇ ವಾರ. ನೀವು ಫೋನಿನಲ್ಲಿ ಮಾತಾಡುವಾಗ ಮಗು ಸೆರಗು ಎಳೆಯುತ್ತದೆ, ಅಲ್ವಾ? ಸುಮ್ಮನೆ ಆಡುತ್ತಿರುವಾಗ ಯಾರೂ ಹತ್ತಿರ ಹೋಗುವುದಿಲ್ಲ, ಎಳೆದಾಗ ತಿರುಗುತ್ತೇವೆ. ಅದನ್ನು ತಿರುವಿ ಹಾಕಬೇಕು. ಪುಟ್ಟನ ಅಮ್ಮ ಹೊಲಿಗೆ ಮಷಿನ್ ಹತ್ತಿರ ಕೂರುವ ಮುಂಚೆ "ನಾನು ಹೊಲೀತಿರ್ತೀನಿ, ನೀನು ಚಿತ್ರ ಬರಿ, ನನ್ನ ಕರೀಬೇಡ" ಅಂದು, ಒಂದೇ ನಿಮಿಷಕ್ಕೆ ಎದ್ದು ಹೋಗಿ "ಕರೀದೇ ಬರೀತಾ ಇದೀಯಲ್ಲ" ಅಂತ ಬೆನ್ನು ಸವರಿ ಬಂದರು. ಆಮೇಲೆ ಎರಡು ನಿಮಿಷ. ಆಮೇಲೆ ಮೂರು. ಅವನು ಕರೆಯುವ ಮುಂಚೆ ಇವರು ಹೋಗಬೇಕು, ಅದೇ ಕೌಶಲ. ವಾರದ ಕೊನೆಗೆ ಒಂದು ಬ್ಲೌಸಿನ ತೋಳು ಪೂರ್ತಿ ಹೊಲಿಯುವಷ್ಟು ಹೊತ್ತು ಸಿಕ್ಕಿತ್ತು.

ಗಮನ ಕೊಡುವುದರ ಜೊತೆಗೆ ಗಮನ ತೆಗೆಯುವುದೂ ಇದೆ. ಗೊಣಗು, ಸುಮ್ನೆ ಅಳು, "ನೀನು ಕೆಟ್ಟ ಅಮ್ಮ" ಅನ್ನುವುದು, ಇವಕ್ಕೆ ಕಣ್ಣೂ ಕೊಡಬಾರದು, ಮಾತೂ ಕೊಡಬಾರದು. ಹೊಡೆಯುವುದು, ಕಚ್ಚುವುದು, ರಸ್ತೆಗೆ ಓಡುವುದು ಈ ಪಟ್ಟಿಯಲ್ಲಿ ಇಲ್ಲ. ಈಗ ಎಚ್ಚರಿಕೆ ಕೇಳಿ. ಗಮನ ತೆಗೆದ ಕೂಡಲೇ ಅಳು ಕಡಿಮೆ ಆಗುವುದಿಲ್ಲ, ಜಾಸ್ತಿ ಆಗುತ್ತದೆ. ಸ್ವಿಚ್ ಹಾಕಿದಾಗ ಲೈಟ್ ಹತ್ತದಿದ್ದರೆ ನೀವೇನು ಮಾಡುತ್ತೀರಿ? ನಾಲ್ಕು ಸಲ ಟಕಟಕ ಅನ್ನಿಸುತ್ತೀರಿ. ಮಗುವೂ ಅಷ್ಟೇ. ಪುಟ್ಟ ಮೊಬೈಲಿಗಾಗಿ ಮೊದಲ ದಿನ 25 ನಿಮಿಷ ಅತ್ತ. ಅಮ್ಮ ತಡೆದುಕೊಂಡರು. ಅಜ್ಜಿ ಕೊಟ್ಟುಬಿಟ್ಟರು.

ಅಂದರೆ ಅವತ್ತು ಪುಟ್ಟ ಕಲಿತದ್ದೇನು? ಮೊಬೈಲಿನ ಬೆಲೆ 25 ನಿಮಿಷ ಅಂತ. ಮುಂಚೆ ಐದು ನಿಮಿಷಕ್ಕೆ ಸಿಗುತ್ತಿತ್ತು. ಮರುದಿನ ಅವನು ನೇರವಾಗಿ ಹತ್ತನೇ ನಿಮಿಷದ ದನಿಯಿಂದಲೇ ಶುರು ಮಾಡಿದ. ಕೊಡುವುದಾದರೆ ಮೊದಲನೇ ನಿಮಿಷಕ್ಕೇ ಕೊಡಿ, ಅದು ಇದಕ್ಕಿಂತ ಎಷ್ಟೋ ವಾಸಿ.

ಅಜ್ಜಿಯ ಬಗ್ಗೆ ಆಮೇಲೆ ಬರುತ್ತೇನೆ.

ನಾಲ್ಕನೇ ವಾರ ನನಗೆ ತುಂಬ ಇಷ್ಟ. ಅದು ಪೂರ್ತಿ ಭಾಷೆಯ ಪಾಠ. ಮಗುವಿಗೆ ಹೇಳುವುದು ಹೇಗೆ. ನೋಟ್‌ಬುಕ್ ತೆಗೆದು, ನೀವು ಬಳಸಿದ ಮಾತನ್ನು ಇದ್ದ ಹಾಗೇ ಓದಿ ಅನ್ನುತ್ತೇನೆ. "ಸ್ನಾನಕ್ಕೆ ಬರ್ತೀಯಾ ಕಂದಾ?" ಇದು ಪ್ರಶ್ನೆ. "ಇಲ್ಲ" ಅನ್ನುವುದು ಪ್ರಶ್ನೆಗೆ ಸರಿಯಾದ ಉತ್ತರ, ಅದರಲ್ಲಿ ಅವಿಧೇಯತೆ ಏನೂ ಇಲ್ಲ. "ಎಲ್ಲ ಎತ್ತಿಡೋಣ್ವಾ?" ಅಂದರೆ ನೀವೂ ಎತ್ತಿಡಬೇಕು. "ಸರಿಯಾಗಿರು" ಅಂದರೆ ಏನು ಮಾಡಬೇಕು? ದೊಡ್ಡವರಿಗೇ ಗೊತ್ತಿಲ್ಲ. "ಏಯ್, ಎಷ್ಟು ಸಲ ಹೇಳೋದು ನಿಂಗೆ?" ಇದಕ್ಕೆ ಪುಟ್ಟ ಒಂದು ದಿನ "ಹತ್ತು ಸಲ" ಅಂದನಂತೆ. "ಎದ್ದೇಳು, ಹಲ್ಲುಜ್ಜು, ಬ್ಯಾಗ್ ಎಲ್ಲಿ, ಆ ಮೊಬೈಲ್ ಇಡು ಮೊದ್ಲು" ಅಂದರೆ ನಾಲ್ಕು ಮಾತು ಒಟ್ಟಿಗೆ ಬಂತು. ನಾಲ್ಕೂವರೆ ವರ್ಷದ ತಲೆಯಲ್ಲಿ ಉಳಿಯುವುದು ಕೊನೆಯದು, ಅದೂ ಅದೃಷ್ಟವಿದ್ದರೆ.

ಹಾಗಾದರೆ ಹೇಗೆ? ಅಡುಗೆಮನೆಯಿಂದ ಕೂಗಬೇಡಿ, ಹತ್ತಿರ ಹೋಗಿ. ಟಿವಿ ಆರಿಸಿ. ಹೆಸರು ಕರೆದು, ನಿಮ್ಮ ಕಡೆ ನೋಡುವವರೆಗೆ ಕಾಯಿರಿ. ಒಂದೇ ಕೆಲಸ ಹೇಳಿ, ಏನು ಮಾಡಬಾರದು ಅಂತಲ್ಲ, ಏನು ಮಾಡಬೇಕು ಅಂತ. "ಪುಟ್ಟ, ಬಟ್ಟೆ ಬಿಚ್ಚು." ದನಿ ಗಟ್ಟಿ ಇರಲಿ, ಜೋರು ಬೇಡ. ಆಮೇಲೆ ಬಾಯಿ ಮುಚ್ಚಿ ಮನಸ್ಸಿನಲ್ಲೇ ಐದು ಎಣಿಸಿ. ಈ ಐದು ಸೆಕೆಂಡೇ ಎಲ್ಲರಿಗೂ ಕಷ್ಟ. ಎರಡು ಸೆಕೆಂಡಿಗೇ ಮತ್ತೆ ಹೇಳುತ್ತೇವೆ, ಮಗು ಹೊರಟಿದ್ದರೂ ನಿಂತುಬಿಡುತ್ತದೆ. ಮಾಡಲು ಶುರು ಮಾಡಿದ ಕೂಡಲೇ, ಮುಗಿಯುವವರೆಗೆ ಕಾಯದೆ, "ಹೇಳಿದ ತಕ್ಷಣ ಶುರು ಮಾಡಿದೆ" ಅನ್ನಿ.

ಮೊದಲ ದಿನವೇ ಸ್ನಾನದ ಮೇಲೆ ಇದನ್ನು ಪ್ರಯೋಗಿಸಬೇಡಿ. ಹೊಸ ಚಾಕು ತಂದು ಹಲಸಿನಹಣ್ಣಿಗೆ ಹಾಕಿದ ಹಾಗಾಗುತ್ತದೆ. ಸುಲಭದಿಂದ ಶುರು. ದಿನಕ್ಕೆ ಎರಡು ಮೂರು ಸಲ, ಮಗು ಖುಷಿಯಾಗಿರುವಾಗ, ಐದು ನಿಮಿಷ ಪುಟ್ಟ ಪುಟ್ಟ ಕೆಲಸ ಹೇಳಿ. "ಆ ಚಮಚ ಕೊಡು." "ಟವೆಲ್ ತಾ." "ಅಜ್ಜಿಗೆ ಪೇಪರ್ ಕೊಡು." ಪ್ರತಿಯೊಂದಕ್ಕೂ ಹೊಗಳಿಕೆ. ಮಾಡದಿದ್ದರೆ ಬಿಟ್ಟು ಇನ್ನೊಂದು ಹೇಳಿ. ಹೇಳಿದ್ದನ್ನು ಮಾಡುವುದು ಅಂದರೆ ಜಗಳ ಅಂತ ಮಗುವಿಗೂ ಅಭ್ಯಾಸವಾಗಿರುತ್ತದೆ, ಆ ಅಭ್ಯಾಸ ತಪ್ಪಬೇಕು. ದಿನಕ್ಕೆ ನೀವು ಹೇಳುವ ಒಟ್ಟು ಮಾತುಗಳನ್ನೂ ಇಳಿಸಿ. ಪುಟ್ಟನ ಅಮ್ಮ ಒಂದು ಬೆಳಿಗ್ಗೆ ಎಣಿಸಿದ್ದರು, ಏಳೂಕಾಲರಿಂದ ವ್ಯಾನ್ ಬರುವವರೆಗೆ 43 ಆಜ್ಞೆ. ಕೂತು ಜರಡಿ ಹಿಡಿದರೆ ನಿಜಕ್ಕೂ ಬೇಕಾದವು ಒಂಬತ್ತು.

ಐದನೇ ವಾರ ಬಟನ್. ಬಾರ್ಕ್ಲಿ ಅವರು ಪೋಕರ್ ಬಿಲ್ಲೆ ಬಳಸುತ್ತಾರೆ. ನಮ್ಮಲ್ಲಿ ಕೋಟಿನ ದೊಡ್ಡ ಬಟನ್, ಒಂದು ಪಾರದರ್ಶಕ ಡಬ್ಬ. ಒಳಗೆ ತುಂಬುವುದು ಮಗುವಿಗೆ ಕಾಣಬೇಕು. ಇದು ನಾಲ್ಕು ವರ್ಷ ದಾಟಿದವರಿಗೆ ಮಾತ್ರ, ಚಿಕ್ಕವರಿಗೆ ಅರ್ಥವೂ ಆಗುವುದಿಲ್ಲ, ಬಾಯಿಗೂ ಹಾಕಿಕೊಳ್ಳುತ್ತಾರೆ. ಒಂದೇ ಸಲಕ್ಕೆ ಬಟ್ಟೆ ಬಿಚ್ಚಿದರೆ ಎರಡು ಬಟನ್, ತಟ್ಟೆ ಸಿಂಕಿಗೆ ಹಾಕಿದರೆ ಒಂದು. ಹತ್ತು ನಿಮಿಷ ಕಾರ್ಟೂನಿಗೆ ಮೂರು ಬಟನ್ ಖರ್ಚು. ಬೆಲೆಬಾಳುವ ಬಹುಮಾನ ಬೇಡ, ಇಲ್ಲಿಯವರೆಗೆ ಪುಕ್ಕಟೆ ಸಿಗುತ್ತಿದ್ದುದನ್ನೇ ಈಗ ಸಂಪಾದಿಸಬೇಕು, ಅಷ್ಟೇ. ಇದು ಕೆಡುವುದು ಒಂದೇ ಕಾರಣಕ್ಕೆ. ಮೊದಲ ವಾರವೇ ಕೋಪದಲ್ಲಿ ಬಟನ್ ಕಿತ್ತುಕೊಳ್ಳುತ್ತಾರೆ. ಮೊದಲ ವಾರ ಕೊಡುವುದು ಮಾತ್ರ. ಎರಡೇ ದಿನಕ್ಕೆ ಖಾತೆ ಸಾಲದಲ್ಲಿ ಮುಳುಗಿದರೆ ಯಾವ ಮಗು ತಾನೇ ದುಡಿಯುತ್ತದೆ?

ಈಗ ಆರನೇ ವಾರ. ಎದ್ದು ಹೋದ ಆ ತಂದೆ ಅವತ್ತು ನಿಜವಾಗಿಯೂ ಬಂದಿದ್ದರು, ಹೊರಗೆ ಕಾಯುತ್ತಿದ್ದರು. ಅವರನ್ನು ಮುಂದಿನ ಗುಂಪಿನ ಮೊದಲ ವಾರಕ್ಕೆ ಕರೆದೆ.

ಕುರ್ಚಿ ಅಂದರೆ ಕತ್ತಲೆ ಕೋಣೆ ಅಲ್ಲ, ಬಾತ್‌ರೂಮಿನ ಚಿಲಕ ಅಲ್ಲ, ಗುಮ್ಮ ಅಲ್ಲ. ನಿಮಗೆ ಕಾಣುವ ಹಾಗೆ, ಹಜಾರದ ಒಂದು ಬೇಸರದ ಮೂಲೆಯಲ್ಲಿ ಒಂದು ಕುರ್ಚಿ. ಟಿವಿ ಕಾಣಬಾರದು, ಕೈಗೆ ಏನೂ ಎಟುಕಬಾರದು. ಎಲ್ಲರೂ ಸಮಾಧಾನವಾಗಿರುವಾಗ ಮಗುವಿಗೆ ಮೊದಲೇ ಹೇಳಿ, ಒಂದು ಸಲ ಗೊಂಬೆಯನ್ನು ಕೂರಿಸಿ ತೋರಿಸಿ. ಮೊದಲ ವಾರ ಒಂದೇ ವಿಷಯಕ್ಕೆ ಬಳಸಿ. ಪುಟ್ಟನಿಗೆ ಬೆಳಗಿನ ಬಟ್ಟೆ ಬಿಚ್ಚುವುದನ್ನೇ ಆರಿಸಿದೆವು.

"ಪುಟ್ಟ, ಬಟ್ಟೆ ಬಿಚ್ಚು." ಐದು ಎಣಿಕೆ. ಮಾಡಲಿಲ್ಲ. "ಬಟ್ಟೆ ಬಿಚ್ಚದಿದ್ದರೆ ಕುರ್ಚಿ ಮೇಲೆ ಕೂರಬೇಕಾಗುತ್ತೆ." ಮತ್ತೆ ಐದು. ಮಾಡಲಿಲ್ಲ. "ನೀನು ಹೇಳಿದ್ದು ಮಾಡಲಿಲ್ಲ, ಕುರ್ಚಿಗೆ ಬಾ." ಕರೆದುಕೊಂಡು ಹೋಗಿ ಕೂರಿಸುವುದು. ಆ ದಾರಿಯಲ್ಲಿ "ಈಗ ಬಿಚ್ತೀನಿ, ಬಿಚ್ತೀನಿ" ಅನ್ನುತ್ತಾನೆ, ಒಪ್ಪಬಾರದು. ಒಪ್ಪಿದರೆ ಅವನು ಕಲಿಯುವುದು ಕುರ್ಚಿ ಹತ್ತಿರ ಹೋಗುವವರೆಗೆ ಸಮಯವಿದೆ ಅಂತ. "ನಾನು ಹೇಳುವವರೆಗೆ ಕೂತಿರು" ಅನ್ನುವುದೊಂದೇ ಮಾತು. ಭಾಷಣ ಇಲ್ಲ, ಕಣ್ಣು ಕೆಂಪಗೆ ಮಾಡುವುದಿಲ್ಲ. ವರ್ಷಕ್ಕೆ ಒಂದು ನಿಮಿಷದ ಲೆಕ್ಕ ಸಾಕು, ಪುಟ್ಟನಿಗೆ ನಾಲ್ಕು. ನಾಲ್ಕು ಮುಗಿದಾಗಲೂ ಕಿರುಚುತ್ತಿದ್ದರೆ ಕೆಲವು ಸೆಕೆಂಡಾದರೂ ಸುಮ್ಮನಾಗುವವರೆಗೆ ಕಾಯಬೇಕು, ಇಲ್ಲದಿದ್ದರೆ ಕಿರುಚಾಟವೇ ಬಾಗಿಲು ತೆರೆದ ಹಾಗೆ. ಇಳಿದರೆ ಮಾತಿಲ್ಲದೆ ಮತ್ತೆ ಕೂರಿಸಬೇಕು. ಕೊನೆಯ ಹೆಜ್ಜೆಯನ್ನು ಹತ್ತರಲ್ಲಿ ಏಳು ಜನ ಮರೆಯುತ್ತಾರೆ ಅಂತ ನನ್ನ ಅಂದಾಜು: ಕುರ್ಚಿಯಿಂದ ಇಳಿದ ಮೇಲೆ ಅದೇ ಮಾತನ್ನು ಮತ್ತೆ ಹೇಳಬೇಕು. "ಪುಟ್ಟ, ಬಟ್ಟೆ ಬಿಚ್ಚು." ಇಲ್ಲದಿದ್ದರೆ ನಾಲ್ಕು ನಿಮಿಷ ಕೂತು ಸ್ನಾನ ತಪ್ಪಿಸಿಕೊಂಡ ಹಾಗಾಯಿತು, ಅದು ಅಗ್ಗದ ವ್ಯಾಪಾರ.

ಮೊದಲ ದಿನ ಎಷ್ಟು ಹೊತ್ತಾಯಿತು ಗೊತ್ತಾ? 38 ನಿಮಿಷ. ಹದಿನಾಲ್ಕು ಸಲ ಇಳಿದ. ನಾವು ಬೇಕಂತಲೇ ಭಾನುವಾರ ಆರಿಸಿದ್ದೆವು, ವ್ಯಾನ್ ಇಲ್ಲ. ಎರಡನೇ ದಿನ ರಜೆ ಹಾಕಿಸಿದ್ದೆವು, 17 ನಿಮಿಷ. ಬುಧವಾರ ಎಚ್ಚರಿಕೆಯ ಮಾತಿಗೇ ಬಟ್ಟೆ ಬಿಚ್ಚಿದ. ಎಲ್ಲ ಮನೆಯಲ್ಲೂ ಇಷ್ಟು ಬೇಗ ಆಗುವುದಿಲ್ಲ. ಎರಡು ವಾರವಾದರೂ ಸಮಯ ಇಳಿಯದಿದ್ದರೆ ಕುರ್ಚಿಯ ಹೊತ್ತು ಹೆಚ್ಚಿಸುತ್ತಾರೆ ಕೆಲವರು. ಅದು ತಪ್ಪು. ನಾನು ನೋಡುವುದು ಎರಡನೇ ವಾರದ ಆಟ ನಿಂತಿದೆಯಾ ಅಂತ. ಬಹಳ ಸಲ ನಿಂತಿರುತ್ತದೆ. ಹೆದರಿಕೆಯಿಂದ ಅಂಟಿಕೊಳ್ಳುವ ಮಗುವಿಗೆ, ಶಾಲೆಗೆ ಹೋಗಲು ಭಯಪಟ್ಟು ಅಳುವ ಮಗುವಿಗೆ ಕುರ್ಚಿ ಬೇಡ. ಅದು ಹಠ ಅಲ್ಲ, ಅದಕ್ಕೆ ಬೇರೆ ದಾರಿ.

ಏಳನೇ ವಾರ ಅಜ್ಜಿ ಬಂದರು. ಮನೆಯ ಹಿರಿಯರನ್ನು ಕರೆತರಲು ಒಂದು ವಾರ ಮೀಸಲಿಡುತ್ತೇವೆ, ಅದು ನಮ್ಮ ಸೇರ್ಪಡೆ. ಅಜ್ಜಿ ಕೂತ ಕೂಡಲೇ ಹೇಳಿದ್ದು, "ನಾನು ಐದು ಮಕ್ಕಳನ್ನ ಸಾಕಿದೀನಮ್ಮ, ಯಾವ ಕುರ್ಚಿನೂ ಇರಲಿಲ್ಲ." ನಿಜ ಅಜ್ಜಿ ಅಂದೆ. ನಿಮ್ಮ ಮಕ್ಕಳು ಅಳುವಾಗ ನೀವೇನು ಮಾಡ್ತಿದ್ರಿ? "ಅತ್ತು ಅತ್ತು ಸುಮ್ಮನಾಗ್ತಿದ್ವು, ನಮಗೆಲ್ಲಿತ್ತು ಪುರಸೊತ್ತು, ಹಿಟ್ಟು ರುಬ್ಬೋದಿರ್ತಿತ್ತು." ಗುಂಪೆಲ್ಲ ನಕ್ಕಿತು. ನಾವು ಮೂರನೇ ವಾರ ಕಷ್ಟಪಟ್ಟು ಕಲಿಸುವುದನ್ನು ರುಬ್ಬುಗುಂಡು ಮಾಡುತ್ತಿತ್ತು. ಅಜ್ಜಿಗೆ ಸೊಸೆಯ ಮಾತು ಕೇಳು ಅಂತ ಹೇಳಿದ್ದರೆ ಕೆಲಸ ಕೆಡುತ್ತಿತ್ತು. ನಾವು ಅವರಿಗೊಂದು ಕೆಲಸ ಕೊಟ್ಟೆವು. ಪುಟ್ಟ ಕುರ್ಚಿ ಮೇಲಿರುವಾಗ ಅಜ್ಜಿ ದೇವರ ಕೋಣೆಗೆ ಹೋಗಿ ಹೂಬತ್ತಿ ಮಾಡುತ್ತಾರೆ, ಇಳಿದು ಬಟ್ಟೆ ಬಿಚ್ಚಿದ ಮೇಲೆ ಸ್ನಾನ ಮಾಡಿಸುವುದು ಅಜ್ಜಿಯೇ. ಮುದ್ದು ಮಾಡುವ ಹಕ್ಕು ಅವರ ಹತ್ತಿರವೇ ಉಳಿಯಿತು, ಬರೀ ಸಮಯ ಬದಲಾಯಿತು.

ಎಂಟನೇ ವಾರ ಅಂಗಡಿ, ಮದುವೆ ಮನೆ. ಇದನ್ನು ಚಿಕ್ಕದಾಗಿ ಹೇಳುತ್ತೇನೆ. ಒಳಗೆ ಹೋಗುವ ಮುಂಚೆ ಬಾಗಿಲ ಹೊರಗೆ ನಿಂತು ಎರಡು ನಿಯಮ ಹೇಳಿ, ಮಗುವಿನ ಬಾಯಲ್ಲಿ ಹೇಳಿಸಿ. "ನನ್ನ ಕೈ ಹಿಡಿದಿರಬೇಕು. ಏನೂ ಕೇಳಬಾರದು." ಪಾಲಿಸಿದರೆ ಏನು, ಇಲ್ಲದಿದ್ದರೆ ಏನು ಅಂತಲೂ ಅಲ್ಲೇ ಹೇಳಿ. ಒಳಗೆ ಹೋದ ಮೇಲೆ ಕೈಗೆ ಒಂದು ಕೆಲಸ ಕೊಡಿ, ಬೇಳೆ ಪ್ಯಾಕೆಟ್ ಹುಡುಕುವುದು, ಚೀಲ ಹಿಡಿಯುವುದು. ಮೊದಲ ಸಲ ಏನೂ ಕೊಳ್ಳುವುದಿಲ್ಲ ಅಂತಲೇ ಹೋಗಿ, ಐದು ನಿಮಿಷದ ತಾಲೀಮು. ಗಲಾಟೆಯಾದರೆ ಸಾಮಾನು ಬಿಟ್ಟು ಹೊರಗೆ ಬರುವಷ್ಟು ಧೈರ್ಯ ಇರಬೇಕಲ್ಲ.

ಚಿಕಿತ್ಸೆಗೆ ಮಾರ್ಗಸೂಚಿ ಹಾಕಿಕೊಡುವ ಇಂಗ್ಲೆಂಡಿನ ನೈಸ್ ಎಂಬ ಸಂಸ್ಥೆ 2013ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 3ರಿಂದ 11 ವರ್ಷದ ಇಂಥ ಮಕ್ಕಳಿಗೆ ಹೆತ್ತವರ ಗುಂಪು ತರಬೇತಿಯನ್ನೇ ಸೂಚಿಸಿದೆ, ಅದೂ 10ರಿಂದ 16 ಸಲ ಕೂರಬೇಕು ಅಂತ. ನಮ್ಮ ಎಂಟು ಒಂದು ಒಂಬತ್ತು ಅದಕ್ಕಿಂತ ಕಡಿಮೆಯೇ. ಹತ್ತು ಅಂದರೆ ಜನ ನಿಲ್ಲುವುದಿಲ್ಲ ಅನ್ನುವುದು ನಮ್ಮ ಅನುಭವ. ಕೆಲವು ಮನೆಗಳಲ್ಲಿ ಹದಿನಾರು ಮಾಡಿದರೂ ಸಾಲುವುದಿಲ್ಲ. ತಾಯಿಗೆ ಖಿನ್ನತೆ ಇದ್ದರೆ 15 ನಿಮಿಷದ ಆಟ ಬೆಟ್ಟ ಹತ್ತಿದ ಹಾಗೆ, ಮೊದಲು ಅವರಿಗೆ ಚಿಕಿತ್ಸೆ ಆಗಬೇಕು. ಮನೆಯಲ್ಲಿ ಕುಡಿದು ಹೊಡೆಯುವವರಿದ್ದರೆ ಮಗುವಿಗೆ ಕುರ್ಚಿ ಕಲಿಸುವ ಮಾತನ್ನು ನಾನು ಎತ್ತುವುದೇ ಇಲ್ಲ.

ಒಂದು ತಿಂಗಳು ಬಿಟ್ಟು ಪುಟ್ಟನ ಅಮ್ಮ ಬಂದರು, ಮುಖ ಬಾಡಿತ್ತು. "ಎಲ್ಲ ಹಾಳಾಯ್ತು ಮೇಡಂ." ಅವನಿಗೆ ನಾಲ್ಕು ದಿನ ಜ್ವರ ಬಂದಿತ್ತು. ಮಲಗಿದ ಮಗುವಿಗೆ ಯಾರು ಆಜ್ಞೆ ಮಾಡುತ್ತಾರೆ, ಮೊಬೈಲ್ ಕೊಟ್ಟರು, ತಟ್ಟೆ ಕೈಗೇ ಬಂತು, ಬಟನ್ ಡಬ್ಬ ಬೀರುವಿನ ಮೇಲೆ ಹೋಯಿತು. ಜ್ವರ ಬಿಟ್ಟ ಮೇಲೆ ಹಳೇ ಪುಟ್ಟ ಎದ್ದು ಬಂದ. ಅವರು ನೇರ ಕುರ್ಚಿಗೆ ಹೋಗಿದ್ದರು, ಮೂರು ದಿನದಲ್ಲಿ ಹನ್ನೊಂದು ಸಲ. ನೋಟ್‌ಬುಕ್ ತೆಗೆಸಿ ನೋಡಿದೆವು, ಆ ಮೂರು ದಿನ ಆಟದ ಬಗ್ಗೆ ಒಂದು ಸಾಲೂ ಇಲ್ಲ. ಒಂದು ವಾರ ಕುರ್ಚಿ ಎತ್ತಿಡಿ, ಎರಡನೇ ವಾರಕ್ಕೆ ವಾಪಸ್ ಹೋಗಿ, ಆಮೇಲೆ ಚಮಚ, ಟವೆಲ್, ಆಮೇಲೆ ಬಟ್ಟೆ ಅಂದೆ. ಒಂಬತ್ತು ದಿನ ಬಿಟ್ಟು ಫೋನ್ ಬಂತು. ಬಟ್ಟೆ ಬಿಚ್ಚಿ ಸ್ನಾನಕ್ಕೆ ಹೋಗಿದ್ದಾನಂತೆ, ಆದರೆ ಈಗ ಸ್ನಾನದಿಂದ ಹೊರಗೆ ಬರುತ್ತಿಲ್ಲವಂತೆ. ಸರಿ, ನೋಟ್‌ಬುಕ್‌ನಲ್ಲಿ ಬರೀರಿ, ಮುಂಚೆ ಏನಾಯ್ತು, ಆಮೇಲೆ ಏನಾಯ್ತು ಅಂತ ಹೇಳಿ ಇಟ್ಟೆ.